ಹಾಳೆಯಲ್ಲಿ ಸೂತ್ರ ಇತ್ತು, ಉತ್ತರ ಮಾತ್ರ ತಪ್ಪಾಗಿತ್ತು: ಝಡ್-ಟ್ರಾನ್ಸ್‌ಫಾರ್ಮ್ ಪರೀಕ್ಷೆಯ ಒಂದು ಪ್ರಕರಣ

ಓದಿನಲ್ಲಿ ತೊಡಕು ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಕೂತು ಅದನ್ನು ಬಿಡಿಸುವುದು ನನ್ನ ಕೆಲಸ. ಇದಕ್ಕೆ ಮೊದಲು ಸಿಗ್ನಲ್ಸ್ ಪಾಠ ಮಾಡುತ್ತಿದ್ದೆ. ಹಾಗಾಗಿ ಆ ವಿಷಯದವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಇಲ್ಲಿ ಬರೆದಿರುವುದು ಅಂಥ ಒಬ್ಬ ವಿದ್ಯಾರ್ಥಿನಿಯ ಪ್ರಕರಣ. ಅವಳ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಅವಳನ್ನು ಮಾಲಾ ಎಂದು ಕರೆಯೋಣ.

ಪುಸ್ತಕ ನೋಡಿ ಬರೆಯುವ ಪರೀಕ್ಷೆಯಲ್ಲಿ ಮಾಲಾಗೆ ತೀರಾ ಕಡಿಮೆ ಅಂಕ ಬಂದಿತ್ತು. "ಮೇಡಂ, ಎಲ್ಲ ಸೂತ್ರ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಎದುರಿಗೇ ಇಟ್ಟುಕೊಂಡು ಬರೆದೆ. ಆದ್ರೂ ತಪ್ಪಾಗಿದೆ. ನನಗೆ ತಲೆ ಓಡ್ತಿಲ್ಲ ಅನ್ಸುತ್ತೆ" ಎಂದಳು. ಅವಳ ತಲೆಯ ಬಗ್ಗೆ ನಾನು ಆಗ ಏನೂ ಹೇಳಲಿಲ್ಲ. ಉತ್ತರ ಪತ್ರಿಕೆ ಮತ್ತು ಆ ಹಾಳೆ ಎರಡನ್ನೂ ಮೇಜಿನ ಮೇಲೆ ಇಡಲು ಹೇಳಿದೆ. ಒಂದೊಂದು ತಪ್ಪಿನ ಹತ್ತಿರ ನಿಂತು, "ಇಲ್ಲಿ ಹಾಳೆಯ ಯಾವ ಸಾಲು ನೋಡಿದೆ?" ಎಂದು ಕೇಳುತ್ತಾ ಹೋದೆ.

ಹಾಳೆ ಅಂದವಾಗಿಯೇ ಇತ್ತು. ಸಣ್ಣ ಅಕ್ಷರ, ಎರಡು ಕಾಲಂ. ಎಡಕ್ಕೆ x[n], ಬಲಕ್ಕೆ X(z). ಪಠ್ಯಪುಸ್ತಕದಲ್ಲಿ ಇರುವ ಕ್ರಮವೇ ಇಲ್ಲೂ ಇತ್ತು: ಮೊದಲು ಇಂಪಲ್ಸ್, ಆಮೇಲೆ ಸ್ಟೆಪ್, ರ‍್ಯಾಂಪ್, ಎಕ್ಸ್‌ಪೊನೆನ್ಷಿಯಲ್, ಸೈನ್, ಕೊಸೈನ್. ಗುಣಗಳೆಲ್ಲ ಹಿಂಬದಿಯಲ್ಲಿ. ಆರ್‌ಓಸಿ, ಅಂದರೆ ಸರಣಿ ಒಮ್ಮುಖವಾಗುವ z ಬೆಲೆಗಳ ಪ್ರದೇಶ, ಎಲ್ಲೂ ಇರಲಿಲ್ಲ. "ಜಾಗ ಸಾಲಲಿಲ್ಲ, ಅದನ್ನ ಬಿಟ್ಟೆ" ಎಂದಳು. ತೊಂದರೆಯ ಬೇರು ಅಲ್ಲೇ ಇತ್ತು.

ಅವಳು ಅತಿ ಹೆಚ್ಚು ಅಂಕ ಕಳೆದುಕೊಂಡ ಪ್ರಶ್ನೆ ಇದು. ಒಂದು ಸ್ಥಿರ, ಅಂದರೆ ಸ್ಟೇಬಲ್ ಸಿಸ್ಟಮ್‌ನ H(z) ಕೊಟ್ಟಿದ್ದರು. h[n] ಕಂಡುಹಿಡಿಯಬೇಕಿತ್ತು.

```
H(z) = 1 / ((1 - 0.5 z^-1)(1 - 2 z^-1))
```

ಮಾಲಾ ಪಾರ್ಶಿಯಲ್ ಫ್ರ್ಯಾಕ್ಷನ್ ಸರಿಯಾಗಿಯೇ ಮಾಡಿದ್ದಳು. 0.5ರ ಪೋಲ್‌ಗೆ -1/3, 2ರ ಪೋಲ್‌ಗೆ 4/3 ಬಂದಿತ್ತು. ಆಮೇಲೆ ಹಾಳೆ ನೋಡಿದಳು. ಅಲ್ಲಿ 1/(1 - a z^-1) ಎದುರು ಒಂದೇ ಸಾಲಿತ್ತು: a^n u[n]. ಎರಡೂ ಪದಕ್ಕೆ ಅದನ್ನೇ ಹಾಕಿದಳು. ಹಾಗಾಗಿ ಉತ್ತರದಲ್ಲಿ (4/3) 2^n u[n] ಬಂತು. ಅದು n ಹೆಚ್ಚಿದಂತೆ ಬೆಳೆಯುತ್ತಲೇ ಹೋಗುತ್ತದೆ. ಸ್ಥಿರ ಸಿಸ್ಟಮ್‌ನ ಉತ್ತರ ಹೀಗೆ ಬೆಳೆಯುವ ಹಾಗಿಲ್ಲ, ಅಲ್ವಾ?

ಅದೇ 1/(1 - a z^-1) ಎರಡು ಬೇರೆ ಸಿಗ್ನಲ್‌ಗಳಿಗೆ ಸೇರುತ್ತದೆ. |z| > |a| ಆದರೆ a^n u[n]. |z| < |a| ಆದರೆ -a^n u[-n-1]. ಇವೆರಡರಲ್ಲಿ ಯಾವುದು ಎಂದು ಬೀಜಗಣಿತ ಹೇಳುವುದಿಲ್ಲ, ಆರ್‌ಓಸಿ ಮಾತ್ರ ಹೇಳುತ್ತದೆ. ಇಲ್ಲಿ ಆರ್‌ಓಸಿಯನ್ನು ಪ್ರಶ್ನೆಯಲ್ಲಿ ನೇರವಾಗಿ ಬರೆದಿರಲಿಲ್ಲ. "ಸ್ಥಿರ" ಎಂಬ ಮಾತಿನೊಳಗೆ ಅದು ಅಡಗಿತ್ತು. ಸ್ಥಿರ ಎಂದರೆ ಆರ್‌ಓಸಿಯಲ್ಲಿ |z| = 1ರ ವೃತ್ತ ಇರಲೇಬೇಕು. ಪೋಲ್‌ಗಳು 0.5 ಮತ್ತು 2ರಲ್ಲಿವೆ. ಹಾಗಾಗಿ 0.5 < |z| < 2 ಎಂಬ ಉಂಗುರ ಒಂದೇ ಉಳಿಯುತ್ತದೆ. 0.5ರ ಪೋಲ್ ಉಂಗುರದ ಒಳಗಡೆ ಬಿತ್ತು, ಅದು ಬಲಬದಿಯ ಸಿಗ್ನಲ್. 2ರ ಪೋಲ್ ಹೊರಗಡೆ ಬಿತ್ತು, ಅದು ಎಡಬದಿಯದು.

```
h[n] = -(1/3)(0.5)^n u[n] - (4/3) 2^n u[-n-1]
```

"ಇದು ಸರಿ ಅಂತ ಪರೀಕ್ಷೆ ಹಾಲ್‌ನಲ್ಲಿ ಹೇಗೆ ಗೊತ್ತಾಗುತ್ತೆ ಮೇಡಂ?" ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಸ್ಥಿರ ಸಿಸ್ಟಮ್ ಆದ್ದರಿಂದ z = 1 ಆರ್‌ಓಸಿಯ ಒಳಗಿದೆ. ಹಾಗಾಗಿ h[n]ನ ಎಲ್ಲ ಬೆಲೆಗಳ ಮೊತ್ತ H(1)ಕ್ಕೆ ಸಮ ಇರಬೇಕು. H(1) = 1/(0.5 × (-1)) = -2. ಈ ಕಡೆ ಬಲಬದಿಯ ಭಾಗದ ಮೊತ್ತ -(1/3) × 2, ಅಂದರೆ -2/3. ಎಡಬದಿಯಲ್ಲಿ 1/2 + 1/4 + ... = 1, ಹಾಗಾಗಿ -4/3. ಕೂಡಿದರೆ -2. ಅರ್ಧ ನಿಮಿಷದ ಕೆಲಸ. ಅವಳ ಮೊದಲಿನ ಉತ್ತರವನ್ನು ಹೀಗೆ ಕೂಡಲು ಹೋಗಿದ್ದರೆ ಮೊತ್ತವೇ ನಿಲ್ಲುತ್ತಿರಲಿಲ್ಲ, ತಪ್ಪು ಅಲ್ಲೇ ಕಾಣುತ್ತಿತ್ತು.

ನಾನು ಕೊಟ್ಟ ಮೊದಲ ಸಲಹೆ: ಹಾಳೆಯ ತುದಿಯಲ್ಲಿ ಸೂತ್ರ ಬೇಡ, ಪ್ರಶ್ನೆಯಲ್ಲಿ ಬರುವ ಮಾತುಗಳನ್ನು ಬರೆ. ಪ್ರಶ್ನೆ "ಕಾಸಲ್" ಅಂದರೆ ಅತಿ ಹೊರಗಿನ ಪೋಲ್‌ನಿಂದಾಚೆ. "ಸ್ಥಿರ" ಅಂದರೆ |z| = 1 ಒಳಗೊಂಡದ್ದು. "ಎಡಬದಿ" ಅಂದರೆ ಅತಿ ಒಳಗಿನ ಪೋಲ್‌ನಿಂದೀಚೆ. ಈ ಸಾಲುಗಳನ್ನು ನೋಡಿ ಆರ್‌ಓಸಿ ಬರೆದ ಮೇಲೆಯೇ ಕೆಳಗಿನ ಪಟ್ಟಿಗೆ ಕಣ್ಣು ಹೋಗಬೇಕು.

ಎರಡನೆಯದು, ಪಟ್ಟಿಯನ್ನು ತಿರುಗಿಸಬೇಕು. ಅವಳ ಪತ್ರಿಕೆಯಲ್ಲಿ ಹೆಚ್ಚಿನ ಪ್ರಶ್ನೆಗಳು X(z)ನಿಂದ x[n]ಗೆ ಬರುವಂಥವು. ಆದರೆ ಪಟ್ಟಿ x[n]ನಿಂದ ಶುರುವಾಗುತ್ತಿತ್ತು. ನಿಘಂಟಿನಲ್ಲಿ ಅರ್ಥ ಹಿಡಿದುಕೊಂಡು ಪದ ಹುಡುಕಿದ ಹಾಗೆ. ಹೊಸ ಹಾಳೆಯಲ್ಲಿ ಎಡಕ್ಕೆ z ಬದಿ, ನಡುವೆ ಆರ್‌ಓಸಿ, ಬಲಕ್ಕೆ n ಬದಿ ಇಟ್ಟೆವು. ಕ್ರಮವನ್ನು ಛೇದದ ಆಕಾರದ ಮೇಲೆ ಮಾಡಿದೆವು: ಒಂಟಿ ಪೋಲ್, ಜೋಡಿ ಪೋಲ್, ಆಮೇಲೆ ಸಂಕೀರ್ಣ ಪೋಲ್.

```
1/(1 - a z^-1)          |z|>|a|    a^n u[n]
1/(1 - a z^-1)          |z|<|a|   -a^n u[-n-1]
1/(1 - a z^-1)^2        |z|>|a|    (n+1) a^n u[n]
a z^-1/(1 - a z^-1)^2   |z|>|a|    n a^n u[n]
```

ಮೂರನೇ ಸಾಲು ಎಷ್ಟೋ ಪಟ್ಟಿಗಳಲ್ಲಿ ಇರುವುದಿಲ್ಲ. ಆದರೆ z^-1ನಲ್ಲಿ ಪಾರ್ಶಿಯಲ್ ಫ್ರ್ಯಾಕ್ಷನ್ ಮಾಡಿದಾಗ ಜೋಡಿ ಪೋಲ್ ಬಂದರೆ ಸಿಗುವುದು ಅದೇ ಆಕಾರ. ಅದನ್ನು ಸೇರಿಸಲೇಬೇಕೆಂದು ಹೇಳಿದೆ. ಸ್ಟೆಪ್‌ಗೆ ಬೇರೆ ಸಾಲು ಬೇಕಿಲ್ಲ, a = 1 ಹಾಕಿದರೆ ಸಾಕು. ರ‍್ಯಾಂಪ್ ಕೂಡ ಹಾಗೇ. ಸೈನ್, ಕೊಸೈನ್‌ಗಳನ್ನು r^n ಸೇರಿಸಿದ ರೂಪದಲ್ಲಿ ಮಾತ್ರ ಬರೆದರೆ r = 1 ಹಾಕಿ ಸಾದಾ ರೂಪ ಪಡೆಯಬಹುದು. ಹೀಗೆ ಮಾಡಿದಾಗ ಆರ್‌ಓಸಿಗೆ ಬೇಕಾದ ಜಾಗ ತಾನಾಗಿಯೇ ಸಿಕ್ಕಿತು.

ಸಂಕೀರ್ಣ ಪೋಲ್‌ಗೆ ಸೂತ್ರದ ಜೊತೆ ಓದುವ ದಾರಿಯನ್ನೂ ಬರೆಸಿದೆ. ಛೇದ 1 - 2r cos(w) z^-1 + r^2 z^-2 ಎಂಬ ಆಕಾರದಲ್ಲಿರುತ್ತದೆ. ಕೊನೆಯ ಸಂಖ್ಯೆಯ ವರ್ಗಮೂಲ r. ನಡುವಿನದರಿಂದ w. ಉದಾಹರಣೆಗೆ 1 - 0.8 z^-1 + 0.64 z^-2 ಇದ್ದರೆ r = 0.8, cos(w) = 0.5, ಹಾಗಾಗಿ w = π/3. ಈ ಮೂರು ಹೆಜ್ಜೆ ಹಾಳೆಯಲ್ಲಿ ಇಲ್ಲದಿದ್ದರೆ ಸೂತ್ರ ಎದುರಿಗಿದ್ದರೂ ಕೈ ತಡೆಯುತ್ತದೆ.

ಇನ್ನೊಂದು ತಪ್ಪು ಹಾಳೆಯ ಒಳಗೇ ಅಡಗಿತ್ತು. ಕೆಲವು ಸಾಲುಗಳನ್ನು z/(z - a) ಎಂದು ಒಂದು ಪುಸ್ತಕದಿಂದ, ಕೆಲವನ್ನು 1/(1 - a z^-1) ಎಂದು ಇನ್ನೊಂದರಿಂದ ಇಳಿಸಿಕೊಂಡಿದ್ದಳು. ಎರಡೂ ಒಂದೇ, ಎರಡೂ ಸರಿ. ಆದರೆ ಅವಸರದಲ್ಲಿ 1/(z - 0.5) ಕಂಡಾಗ ಅವಳು (0.5)^n u[n] ಎಂದು ಬರೆದುಬಿಟ್ಟಿದ್ದಳು. ಮೇಲೆ z ಇಲ್ಲದಿರುವುದನ್ನು ಕಣ್ಣು ಗಮನಿಸಲಿಲ್ಲ. ಅದರ ಸರಿ ಉತ್ತರ (0.5)^(n-1) u[n-1], ಒಂದು ಹೆಜ್ಜೆ ತಡ. ಹಾಗಾಗಿ ಹಾಳೆಯಲ್ಲಿ z^-1 ರೂಪ ಒಂದೇ ಇರಲಿ ಎಂದೆ. ಪ್ರಶ್ನೆ z ರೂಪದಲ್ಲಿ ಬಂದರೆ ಮೊದಲ ಕೆಲಸ, ಮೇಲೆ ಕೆಳಗೆ z^-1ನ ತಕ್ಕ ಘಾತದಿಂದ ಗುಣಿಸಿ ಬದಲಿಸುವುದು. ಇದನ್ನೂ ತುದಿಯ ಪಟ್ಟಿಯಲ್ಲಿ ಬರೆದುಕೊಂಡಳು.

ಗುಣಗಳಲ್ಲಿ ಒಂದರ ಮೇಲೆ ಮಾತ್ರ ಹೆಚ್ಚು ಹೊತ್ತು ಕೂತೆವು. ಅದು ಶಿಫ್ಟ್. ಅವಳ ಹಾಳೆಯಲ್ಲಿ x[n-k] ಎದುರು z^-k X(z) ಅಂತ ಇತ್ತು. ಎರಡು ಬದಿಯ ಟ್ರಾನ್ಸ್‌ಫಾರ್ಮ್‌ಗೆ ಅದು ಸರಿ. ಆರಂಭದ ಬೆಲೆ ಕೊಟ್ಟು ಡಿಫರೆನ್ಸ್ ಸಮೀಕರಣ ಬಿಡಿಸು ಅಂದಾಗ ಒಂದು ಬದಿಯ ಟ್ರಾನ್ಸ್‌ಫಾರ್ಮ್ ಬೇಕು. ಅಲ್ಲಿ ಸೂತ್ರವೇ ಬೇರೆ:

```
y[n-1]  ->  z^-1 Y(z) + y[-1]
y[n-2]  ->  z^-2 Y(z) + z^-1 y[-1] + y[-2]
```

ಪರೀಕ್ಷೆಯಲ್ಲಿ y[n] - 0.5 y[n-1] = u[n], y[-1] = 4 ಎಂದು ಕೊಟ್ಟಿದ್ದರು. ಮಾಲಾ y[-1] ಸೇರಿಸಲಿಲ್ಲ. ಅವಳಿಗೆ 2 - (0.5)^n ಬಂತು. ಸೇರಿಸಿದರೆ ಬಲಕ್ಕೆ 0.5 × 4 = 2 ಬರುತ್ತದೆ. ಅದನ್ನು 1 - 0.5 z^-1ನಿಂದ ಭಾಗಿಸಿದರೆ 2(0.5)^n ಸೇರುತ್ತದೆ. ಒಟ್ಟು ಉತ್ತರ n ≥ 0ಗೆ 2 + (0.5)^n. ಇದನ್ನು ಪರೀಕ್ಷಿಸಲು ಝಡ್ ಬೇಕಿಲ್ಲ. ಕೊಟ್ಟ ಸಮೀಕರಣದಲ್ಲೇ n = 0 ಹಾಕಿ: y[0] = 1 + 0.5 × 4 = 3. ಸರಿ ಉತ್ತರವೂ 3 ಕೊಡುತ್ತದೆ, ಅವಳದು 1 ಕೊಡುತ್ತಿತ್ತು. ಎರಡು ಶಿಫ್ಟ್‌ಗಳನ್ನೂ ಅಕ್ಕಪಕ್ಕದ ಎರಡು ಚೌಕದಲ್ಲಿ ಬರೆಯಲು ಹೇಳಿದೆ. ಒಂದರ ಮೇಲೆ "ಆರಂಭದ ಬೆಲೆ ಕೊಟ್ಟಿಲ್ಲ", ಇನ್ನೊಂದರ ಮೇಲೆ "ಕೊಟ್ಟಿದ್ದಾರೆ" ಎಂಬ ತಲೆಬರಹ.

ಉಳಿದ ಗುಣಗಳು ಬೇಗ ಮುಗಿದವು. ಫೈನಲ್ ವ್ಯಾಲ್ಯೂ ಥಿಯರಂ ಪಕ್ಕದಲ್ಲಿ ಅದರ ಷರತ್ತನ್ನು ಕೆಂಪಿನಲ್ಲಿ ಬರೆಸಿದೆ: (1 - z^-1)X(z)ನ ಪೋಲ್‌ಗಳೆಲ್ಲ |z| = 1ರ ಒಳಗಿರಬೇಕು. ಷರತ್ತು ಇಲ್ಲದಿದ್ದರೆ 2^n u[n]ಗೂ ಆ ಸೂತ್ರ 0 ಎಂದು ಉತ್ತರ ಕೊಟ್ಟುಬಿಡುತ್ತದೆ. ಇನಿಷಿಯಲ್ ವ್ಯಾಲ್ಯೂ ಥಿಯರಂ ಪಕ್ಕದಲ್ಲಿ "ಕಾಸಲ್‌ಗೆ ಮಾತ್ರ" ಎಂಬ ಟಿಪ್ಪಣಿ. ಮೇಲಿನ H(z)ಗೆ ಅದನ್ನು ಹಾಕಿದರೆ 1 ಬರುತ್ತದೆ, ನಿಜವಾದ h[0] ಮಾತ್ರ -1/3.

ಹಾಳೆ ತಯಾರಾದ ಮೇಲೆ ಅದನ್ನು ಎದುರಿಗಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಹೇಳಿದೆ. ಒಂದು ಸಾಲು ಬಳಸಿದಾಗಲೆಲ್ಲ ಅದರ ಪಕ್ಕದಲ್ಲಿ ಪೆನ್ಸಿಲ್ ಚುಕ್ಕೆ. ಹಾಳೆಯಲ್ಲಿ ಸಿಗದೆ ಪುಸ್ತಕ ತೆರೆದರೆ ಆ ಸಂಗತಿಯನ್ನು ಬೇರೆ ಚೀಟಿಯಲ್ಲಿ ಬರೆದಿಡುವುದು. ಮುಂದಿನ ಸಲ ಬಂದಾಗ ಟೈಮ್ ರಿವರ್ಸಲ್ ಮತ್ತು ಕಾಂಜುಗೇಷನ್ ಸಾಲುಗಳಿಗೆ ಚುಕ್ಕೆಯೇ ಇರಲಿಲ್ಲ. ಚೀಟಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬಂದಿತ್ತು: ಅಂಶದ ಘಾತ ಛೇದದ ಘಾತಕ್ಕೆ ಸಮ ಅಥವಾ ಜಾಸ್ತಿ ಇದ್ದರೆ ಮೊದಲು ಭಾಗಿಸಿ, ಆಮೇಲೆ ಪಾರ್ಶಿಯಲ್ ಫ್ರ್ಯಾಕ್ಷನ್ ಮಾಡಬೇಕು ಎಂಬುದು. ಕಾಂಜುಗೇಷನ್ ಅಳಿಸಿ ಆ ಜಾಗದಲ್ಲಿ ಅದನ್ನು ಬರೆದಳು. ಟೈಮ್ ರಿವರ್ಸಲ್ ತೆಗೆಯಲು ಅವಳಿಗೆ ಮನಸ್ಸಿರಲಿಲ್ಲ, ಅಧ್ಯಾಪಕರು ತರಗತಿಯಲ್ಲಿ ಅದರ ಮೇಲೆ ಒಂದು ಲೆಕ್ಕ ಮಾಡಿಸಿದ್ದರಂತೆ. ಹಾಗಿದ್ದರೆ ಇರಲಿ, ಆದರೆ ಅದರ ಎದುರು ಆರ್‌ಓಸಿ ತಲೆಕೆಳಗಾಗುತ್ತದೆ ಎಂಬುದನ್ನೂ ಸೇರಿಸು ಎಂದೆ: |z| > |a| ಇದ್ದದ್ದು |z| < 1/|a| ಆಗುತ್ತದೆ.