ಪಾಡ್‌ಕಾಸ್ಟ್ ಟಿಪ್ಪಣಿಯಿಂದ ಅಧ್ಯಾಯಗಳನ್ನು ರೂಪಿಸುವ ಬಗೆ

ಪ್ರಶ್ನೆ: ಸಂಚಿಕೆಯ ಟಿಪ್ಪಣಿಯನ್ನು ಸಮಯಸಹಿತ ಅಧ್ಯಾಯ, ಅತಿಥಿಯ ವಿವರ, ಕೊಂಡಿಗಳ ಪಟ್ಟಿಯಾಗಿ ಮಾಡುವುದು ಹೇಗೆ?

ಉತ್ತರ: ಸಂಕಲನ ಪೂರ್ತಿ ಮುಗಿದ ಕಡತವನ್ನು ಕೇಳುತ್ತಾ ಸಮಯಗಳನ್ನು ಹೊಸದಾಗಿ ಗುರುತಿಸಿ, ಉಳಿದೆರಡನ್ನು ಆಮೇಲೆ ಬರೆಯಿರಿ. ಧ್ವನಿಮುದ್ರಣದ ವೇಳೆ ಗೀಚಿಕೊಂಡ ಸಮಯ ಸಂಕಲನದ ನಂತರ ಸರಿಹೊಂದುವುದಿಲ್ಲ. ರಾಗಿ ಬೇಸಾಯದ ಸಂದರ್ಶನವೊಂದರಲ್ಲಿ ಮಳೆಯ ಮಾತು 12:40ಕ್ಕೆ ಬಂದಿತ್ತೆನ್ನಿ. ಆರಂಭಕ್ಕೆ 1:30ರ ಪೀಠಿಕೆ ಸೇರಿ, ಅದಕ್ಕೂ ಮೊದಲಿನ ಮಾತಿನಲ್ಲಿ 3 ನಿಮಿಷ ಕತ್ತರಿಸಿದ್ದರೆ, ಅದೀಗ 11:10ರಲ್ಲಿರುತ್ತದೆ.

```
00:00 ಪೀಠಿಕೆ
03:20 ಬಿತ್ತನೆಯ ಕಾಲ
11:10 ಮಳೆ ತಡವಾದರೆ ಏನು ಮಾಡಬೇಕು
```

ಯೂಟ್ಯೂಬ್‌ನಲ್ಲಿ ಪಟ್ಟಿ 00:00ರಿಂದಲೇ ಆರಂಭವಾಗಬೇಕು, ಕನಿಷ್ಠ 3 ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯವೂ 10 ಸೆಕೆಂಡಿಗಿಂತ ಕಡಿಮೆಯಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ವಿಡಿಯೊ ಎಷ್ಟು ಓಡಿದೆಯೆಂದು ತೋರಿಸುವ ಗೆರೆ ಅಧ್ಯಾಯಗಳಾಗಿ ತುಂಡುತುಂಡಾಗಿ ಕಾಣುವುದಿಲ್ಲ. ದೋಷವನ್ನು ಪತ್ತೆಹಚ್ಚುವ ಸುಲಭದ ದಾರಿ ಅದೇ. ಶೀರ್ಷಿಕೆ ‘ಮಳೆ’ ಎಂದಷ್ಟೇ ಇರದೆ, ಕೇಳುಗರ ಪ್ರಶ್ನೆಯನ್ನೇ ಹೇಳುವಂತಿರಲಿ. ಆಡಿಯೊ ವೇದಿಕೆಗಳು ನಡುವೆ ಜಾಹೀರಾತು ಸೇರಿಸಿದರೆ ಇದೇ ಸಮಯಗಳು ಅಲ್ಲಿ ಮುಂದಕ್ಕೆ ಸರಿಯುತ್ತವೆಯೆಂಬುದು ನೆನಪಿರಲಿ.

ಅತಿಥಿಯ ಪರಿಚಯಕ್ಕೆ ಎರಡು ವಾಕ್ಯ ಸಾಕು: ಯಾರು, ಈ ವಿಷಯದಲ್ಲಿ ಏನು ಮಾಡಿದ್ದಾರೆ. ಹೆಸರಿನ ಕಾಗುಣಿತವನ್ನು ಅವರಿಂದಲೇ ಖಚಿತಪಡಿಸಿಕೊಳ್ಳಿ. ಕೊಂಡಿಗಳನ್ನು ಮಾತಿನಲ್ಲಿ ಬಂದ ಕ್ರಮದಲ್ಲೇ ಜೋಡಿಸಿ, ಪ್ರತಿಯೊಂದರ ಮುಂದೆ ಅದೇನೆಂದು ಬರೆದು, ವಿಳಾಸದ ಕೊನೆಯ `?utm_source=` ಮೊದಲಾದ ಜಾಡಿನ ಬಾಲವನ್ನು ಅಳಿಸಿ, ಲಾಗಿನ್ ಆಗದ ಕಿಟಕಿಯಲ್ಲಿ ತೆರೆದು ನೋಡಿ.