ವೇಗೋತ್ಕರ್ಷ ಮರೆತು ಆಕ್ಸಿಲರೇಶನ್ ಕಲಿಯಬೇಕಾ?

"ಮಗ ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಯಲ್ಲಿ 11ನೇ ಸೈನ್ಸ್ ಸೇರುತ್ತಿದ್ದಾನೆ. ಕನ್ನಡ ಪದಗಳನ್ನೆಲ್ಲ ಬಿಟ್ಟು ಇಂಗ್ಲಿಷ್ ಪದಗಳನ್ನೇ ಹೊಸದಾಗಿ ಕಲಿಸಬೇಕಾ?"

ಬಿಡೋದು ಬೇಡ. ನಾನೂ ಹಾಗೇ ವಿಜಯಪುರದಿಂದ ಇಲ್ಲಿಗೆ ಬಂದವನು. ಈಗ ಮನೆಯಲ್ಲೇ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ಇಂಗ್ಲಿಷ್ ಪದ ಹದಿನೈದು ದಿನದಲ್ಲಿ ಬಾಯಿಗೆ ಬರುತ್ತೆ, ಅದಲ್ಲ ಕಷ್ಟ.

ಕಷ್ಟ ಎಲ್ಲಿ ಅಂದರೆ, ಕನ್ನಡ ಪದದ ಒಳಗೇ ಒಂದು ಅರ್ಥ ಕೂತಿರುತ್ತೆ. ವೇಗೋತ್ಕರ್ಷ ತಗೊಳ್ಳಿ. ವೇಗ ಮತ್ತು ಉತ್ಕರ್ಷ, ಅಂದರೆ ವೇಗ ಏರೋದು. ನಿಂತ ರೈಲು 40 ಸೆಕೆಂಡಲ್ಲಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಬಂದರೆ 20 ಭಾಗಿಸು 40, ಉತ್ತರ 0.5. ಇಲ್ಲಿವರೆಗೆ ಪದ ಕೈ ಹಿಡಿಯುತ್ತೆ. ಬ್ರೇಕ್ ಹಾಕಿದಾಗ ಉತ್ತರ ಮೈನಸ್ ಬರುತ್ತೆ, "ಏರಿಕೆ ಮೈನಸ್ ಹೇಗಾಗುತ್ತೆ?" ಅಂತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ?

11ರಲ್ಲಿ ಇನ್ನೊಂದು ಪೆಟ್ಟು. ಸರ್ಕಲ್ ಸುತ್ತ ಸ್ಕೂಟರ್ ಒಂದೇ ಸಮ ಗಂಟೆಗೆ 18 ಕಿ.ಮೀ.ನಲ್ಲಿ, ಅಂದರೆ ಸೆಕೆಂಡಿಗೆ 5 ಮೀಟರ್‌ನಲ್ಲಿ ಸುತ್ತುತ್ತಿದೆ, ಸುತ್ತಿನ ತ್ರಿಜ್ಯ 10 ಮೀಟರ್. ಸ್ಪೀಡೋಮೀಟರ್ ಮುಳ್ಳು ಅಲ್ಲಾಡಿಲ್ಲ, ಆದರೂ ವೇಗೋತ್ಕರ್ಷ ಇದೆ: v²/r ಪ್ರಕಾರ 2.5, ದಿಕ್ಕು ನಡುವಿನ ಕಡೆಗೆ. ನಾನು ಪರೀಕ್ಷೆಯಲ್ಲಿ ಸೊನ್ನೆ ಬರೆದಿದ್ದೆ. ಪುಸ್ತಕದ ಪ್ರಕಾರ ಮುಳ್ಳು ತೋರಿಸೋದು ಜವ, ವೇಗ ಅಂದರೆ ದಿಕ್ಕೂ ಸೇರಿದ್ದು, ದಿಕ್ಕು ತಿರುಗಿದರೆ ವೇಗ ಬದಲಾದಂತೆ. ಆದರೆ "ಬಸ್ಸಿನ ಜವ ಎಷ್ಟು" ಅಂತ ಮನೆಯಲ್ಲಿ ಯಾರು ಕೇಳ್ತಾರೆ? ಮಾತಿನ ವೇಗ ಬೇರೆ, ಪುಸ್ತಕದ ವೇಗ ಬೇರೆ. ಮಗನಿಗೆ ಮೊದಲು ಇದನ್ನು ಬಿಡಿಸಿ ಹೇಳಿ. ವೇಗೋತ್ಕರ್ಷವನ್ನು "ವೇಗದ ಬದಲಾವಣೆಯ ದರ" ಅಂತ ಓದಿಕೊಳ್ಳಲಿ, ಆಮೇಲೆ ಆಕ್ಸಿಲರೇಶನ್ ಅಂತ ಕರೆಯಲಿ.

ಇಂಗ್ಲಿಷ್ ಪದದಿಂದಲೂ ಒಂದು ಲಾಭ ಇದೆ. ಕನ್ನಡ ಪುಸ್ತಕದಲ್ಲೂ ಸೂತ್ರ a = (v − u)/t ಅಂತಲೇ ಇರುತ್ತೆ, ನಾವು ಅಕ್ಷರಗಳನ್ನು ಸುಮ್ನೆ ಉರು ಹೊಡೆದಿರುತ್ತೇವೆ. ಆಕ್ಸಿಲರೇಶನ್, ವೆಲಾಸಿಟಿ ಗೊತ್ತಾದ ದಿನ a, v ಎಲ್ಲಿಂದ ಬಂತು ಅಂತ ತಿಳಿಯುತ್ತೆ.

ಮರಾಠಿ ಗೆಳೆಯರ ನೋಟ್ಸ್ ಓದುವಾಗ ಮಾತ್ರ ಹುಷಾರು. ಅವರೂ ಸಂಸ್ಕೃತದಿಂದಲೇ ತಂದಿದ್ದಾರೆ, ಆದರೆ ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಗಾಜಿನೊಳಗೆ ಬೆಳಕು ಬಾಗೋದು ನಮಗೆ ವಕ್ರೀಭವನ, ಅವರಿಗೆ ಅಪವರ್ತನ. ನಮ್ಮ ಗಣಿತದಲ್ಲಿ ಅಪವರ್ತನ ಅಂದರೆ 12ಕ್ಕೆ 3, 4 ಇದ್ದಂತೆ. ಅದಕ್ಕೆ ಅವರು ಅವಯವ ಅಂತಾರೆ! ನಾನಂತೂ ಮೊದಲ ಸಲ ಅದು ಜೀವಶಾಸ್ತ್ರದ ಪುಟ ಅಂದುಕೊಂಡು ತಿರುವಿ ಹಾಕಿದ್ದೆ.