ಗೋದಾಮಿನ ಸ್ಪ್ರಿಂಕ್ಲರ್: 12 ಹೆಡ್‌ನ ಲೆಕ್ಕದಿಂದ ಪಂಪ್ ಮತ್ತು ಸಂಪ್‌ವರೆಗೆ

ಪ್ರಶ್ನೆ: ನೆಲಮಂಗಲ ಹತ್ತಿರ ಗೋದಾಮು ಕಟ್ಟಿಸ್ತಾ ಇದ್ದೀವಿ. ಚಾವಣಿ 9 ಮೀಟರ್, ರ‍್ಯಾಕ್ 7.5 ಮೀಟರ್, ಎಲ್ಲಾ ರಟ್ಟಿನ ಪೆಟ್ಟಿಗೆ ಮಾಲು. ಗುತ್ತಿಗೆದಾರರು 12 ಹೆಡ್ × 369 ಲೀಟರ್ × 60 ನಿಮಿಷ ಅಂತ ಗುಣಿಸಿ 266 ಘನ ಮೀಟರ್ ಸಂಪ್ ಸಾಕು ಅಂತಿದ್ದಾರೆ. ಸರಿನಾ?

ಸಾಲದು ಸರ್. 369 ಎಲ್ಲಿಂದ ಬಂತು ಅನ್ನೋದು ಸರಿಯಾಗೇ ಇದೆ, ಅದನ್ನು ಬಳಸಿದ ರೀತಿ ತಪ್ಪು.

ನಿಮ್ಮದು ಕೆ-200 ಇಎಸ್‌ಎಫ್‌ಆರ್ ಹೆಡ್ ಇರಬೇಕು, ಅಂದರೆ ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೇ ತೆರೆದು ಜಾಸ್ತಿ ನೀರು ಸುರಿದು ಅದನ್ನು ಅಡಗಿಸುವ ಸ್ಪ್ರಿಂಕ್ಲರ್. ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡ ಎನ್‌ಎಫ್‌ಪಿಎ 13 ಪ್ರಕಾರ ಈ ಎತ್ತರಕ್ಕೆ ಕನಿಷ್ಠ 3.4 ಬಾರ್ ಒತ್ತಡ ಬೇಕು, 12 ಹೆಡ್ ಒಟ್ಟಿಗೆ ತೆರೆದಿವೆ ಅಂತ ಲೆಕ್ಕ ಹಾಕಬೇಕು: ಮೂರು ಬ್ರಾಂಚ್ ಪೈಪು, ಒಂದೊಂದರಲ್ಲಿ ನಾಲ್ಕು. ಬಳಸುವ ಸೂತ್ರ ಎರಡೇ:

```
Q = K√P
p = 6.05×10^5 × Q^1.85 / (C^1.85 × d^4.87)
```

Q ನಿಮಿಷಕ್ಕೆ ಲೀಟರ್, P ಬಾರ್, p ಒಂದು ಮೀಟರ್ ಪೈಪಿಗೆ ಕಳೆಯುವ ಬಾರ್, d ಪೈಪಿನ ಒಳವ್ಯಾಸ ಮಿಲಿಮೀಟರಿನಲ್ಲಿ. K ಹೆಡ್‌ನ ಸಂಖ್ಯೆ, ಇಲ್ಲಿ 200. C ಪೈಪಿನ ಒಳಮೈ ಎಷ್ಟು ನುಣುಪು ಅಂತ ತೋರಿಸುವ ಅಂಕಿ, ನೀರು ತುಂಬಿರುವ ಉಕ್ಕಿನ ಪೈಪಿಗೆ 120.

3.4 ಬಾರ್ ಸಿಗುವುದು ಕಟ್ಟಕಡೆಯ ಹೆಡ್‌ಗೆ ಮಾತ್ರ. ಅದಕ್ಕೆ ಅಷ್ಟು ತಲುಪಬೇಕಾದರೆ ಹಿಂದಿನದಕ್ಕೆ ಜಾಸ್ತಿ ಇರಲೇಬೇಕು, ಜಾಸ್ತಿ ಒತ್ತಡ ಇದ್ದರೆ ಅದು ಜಾಸ್ತಿ ನೀರು ಬಿಡುತ್ತದೆ, ಆ ನೀರೂ ಅದರ ಹಿಂದಿನ ಪೈಪಿನಲ್ಲೇ ಹರಿದು ಬರಬೇಕು. 65 ಎಂಎಂ ಬ್ರಾಂಚ್, 3 ಮೀಟರಿಗೊಂದು ಹೆಡ್ ಅಂತ ಇಟ್ಟು ನಾನು ಮಾಡಿ ನೋಡಿದೆ. ಮೊದಲ ಹೆಡ್ 369, ನಾಲ್ಕನೆಯದು ಸುಮಾರು 380 ಲೀಟರ್, ಆ ಲೈನಿಗೆ ಒಟ್ಟು 1,490. ಟೀ ಸೇರಿಸಿ ಮೇನ್‌ಗೆ ಬರುವಾಗ 3.97 ಬಾರ್ ಬೇಕಾಗುತ್ತದೆ. ಮೂರು ಲೈನ್ ಕೂಡಿದರೆ 4,500 ಲೀಟರ್, 4.1 ಬಾರ್.

ಹರಿವಿನಲ್ಲಿ ವ್ಯತ್ಯಾಸ ಚಿಕ್ಕದು, ನಿಜ. ಆದರೆ ಅದೇ ಬ್ರಾಂಚನ್ನು ಯಾರಾದರೂ ಉಳಿತಾಯಕ್ಕೆ ಅಂತ 50 ಎಂಎಂ ಮಾಡಿದರೆ ಮೇನ್ ಹತ್ತಿರ 5.3 ಬಾರ್ ಬೇಕು. ಪಂಪ್ ಸುಮಾರು 14 ಮೀಟರ್ ಜಾಸ್ತಿ ಎತ್ತಬೇಕು. ಆಮೇಲೆ ದೊಡ್ಡ ಇಂಜಿನ್‌ಗೆ ಕೊಡುವ ದುಡ್ಡು ಯಾರದು? ಅದಕ್ಕೇ ಡ್ರಾಯಿಂಗ್‌ನಲ್ಲಿ ಬ್ರಾಂಚಿನ ಸೈಜನ್ನು ಮೊದಲು ನೋಡಿ.

ಇನ್ನು ಪಂಪ್. ರೂಫ್ ಹತ್ತಿರ 4.1 ಬಾರ್, 9 ಮೀಟರ್ ಎತ್ತರಕ್ಕೆ 0.9, ಅಲಾರಂ ವಾಲ್ವಿಗೆ 0.2. ಪಂಪ್ ಮನೆಯಿಂದ ಬರುವ 150 ಎಂಎಂ ಮೇನ್‌ಗೆ, ಬೆಂಡ್ ವಾಲ್ವ್ ಎಲ್ಲಾ ಸೇರಿ 120 ಮೀಟರ್ ಅಂದುಕೊಂಡರೆ, 1.25. ಒಟ್ಟು 6.5 ಬಾರ್ ಹತ್ತಿರ. ಹರಿವಿಗೆ ಹೊರಗಿನ ಹೋಸ್‌ಗಳಿಗಾಗಿ 946 ಲೀಟರ್ ಸೇರಿಸಲೇಬೇಕು. ನಿಮ್ಮ ಗುತ್ತಿಗೆದಾರರು ಇದನ್ನೇ ಬಿಟ್ಟಿದ್ದಾರೆ. ಈಗ 5,450 ಲೀಟರ್, ಅಂದರೆ ಗಂಟೆಗೆ 327 ಘನ ಮೀಟರ್. ನಮ್ಮಲ್ಲಿ ಸಿಗುವ 410 ಘನ ಮೀಟರಿನ ಪಂಪನ್ನು 7 ಬಾರ್‌ಗೆ ತೆಗೆದುಕೊಂಡರೆ ನೆಮ್ಮದಿ. 273ರ ಪಂಪು 150% ಹರಿವಿನಲ್ಲಿ 410 ಕೊಡುತ್ತದಲ್ಲ ಅಂತ ಯಾರಾದರೂ ಹೇಳಬಹುದು. ಕೊಡುತ್ತದೆ, ಆದರೆ ಅಲ್ಲಿ ಒತ್ತಡ 65%ಗೆ ಇಳಿದಿದ್ದರೂ ಪಂಪ್ ಪಾಸ್. ಹಾಗಾಗಿ 327ರಲ್ಲಿ ಎಷ್ಟು ಬಾರ್ ಅಂತ ಪಂಪಿನ ಹರಿವು-ಒತ್ತಡದ ಕರ್ವ್‌ನಲ್ಲೇ ತೋರಿಸಲು ಹೇಳಿ.

ಸಂಪಿನ ವಿಷಯ ನನಗೆ ಮುಖ್ಯ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲಿ. 5,450 × 60 ಅಂದರೆ 327 ಘನ ಮೀಟರ್. ಆದರೆ ಪಂಪ್ ನಿಮ್ಮ ಲೆಕ್ಕ ನೋಡಿಕೊಂಡು ಓಡುವುದಿಲ್ಲ. ಆ ಹರಿವಿನಲ್ಲಿ ಅದು 7.2 ಬಾರ್ ಕೊಡುತ್ತಿದ್ದರೆ, 12 ಹೆಡ್‌ಗಳು 4,500 ಬದಲು ಸುಮಾರು 4,800 ಸುರಿಯುತ್ತವೆ. ಹೋಸ್ ಸೇರಿ ಗಂಟೆಗೆ 345 ಘನ ಮೀಟರ್ ಖಾಲಿ. 266ರ ಸಂಪು 46 ನಿಮಿಷಕ್ಕೇ ಒಣಗುತ್ತದೆ.

ಅದೂ ಅಲ್ಲದೆ ತಳದ ನೀರು ಪಂಪಿಗೆ ಸಿಗುವುದಿಲ್ಲ. ಸಕ್ಷನ್ ಬಾಯಿಗೆ ಸುಳಿ ತಡೆಯುವ ಪ್ಲೇಟು ಇರುತ್ತದೆ, ಅದರ ಕೆಳಗಿಳಿದರೆ ಗಾಳಿ ಎಳೆಯುತ್ತದೆ. ಹಿಂದೆ ಒಂದು ಗೋದಾಮಿನ ಡ್ರಾಯಿಂಗ್ ನೋಡುವಾಗ 10 ಮೀಟರ್ × 10 ಮೀಟರ್ ಸಂಪಿನಲ್ಲಿ ತಳದ 30 ಸೆಂಟಿಮೀಟರನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅಷ್ಟಕ್ಕೇ 30 ಘನ ಮೀಟರ್ ಸುಮ್ನೆ ಹೋಯಿತು. ನೀವು ಬಳಕೆಗೆ ಸಿಗುವ ನೀರು 350 ಅಂತ ಬರೆಸಿ, ತಳದ್ದು ಬೇರೆ.

ಇನ್ನೊಂದು ಮಾತು. ಮುಂದೆ ಚಾವಣಿ 9.1 ಮೀಟರ್ ದಾಟಿದರೆ 3.4 ಬಾರ್ ನಡೆಯುವುದಿಲ್ಲ, 10.7 ಮೀಟರಿಗೆ ಇದೇ ಹೆಡ್‌ಗೆ 5.2 ಬಾರ್ ಬೇಕು. ಬಾಡಿಗೆಗೆ ಬರುವವರು ಪೆಟ್ಟಿಗೆ ಇಲ್ಲದ ಫೋಮ್ ತಂದರೂ ಈ ಲೆಕ್ಕ ಅನ್ವಯಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಟೆಸ್ಟ್ ಲೈನಿನ ಫ್ಲೋ ಮೀಟರಿನಲ್ಲಿ ಸೊನ್ನೆ, 100% ಮತ್ತು 150% ಹರಿವಿನಲ್ಲಿ ಒತ್ತಡ ಬರೆಸಿಕೊಳ್ಳಿ. ಪೂರ್ತಿ ಮುಚ್ಚಿದಾಗ 9.8 ಬಾರ್ ಮೀರಬಾರದು, 150%ನಲ್ಲಿ 4.55ಕ್ಕಿಂತ ಇಳಿಯಬಾರದು. ಇಳಿದರೆ ಪಂಪ್ ಬಿಲ್ ಪಾಸ್ ಮಾಡಬೇಡಿ.